ಮೊದಲ ಗಿಡಕ್ಕೆ ಎಷ್ಟೋ ಕೊನೆಯ ಗಿಡಕ್ಕೂ ಅಷ್ಟೇ

ಹನಿ ನೀರಾವರಿಯನ್ನು ಅಕ್ಕಪಕ್ಕದ ರೈತರಿಗೆ ತಿಳಿಸಲು ಮಾಡುವ ಕಿರು ವಿಡಿಯೊದ ಮಾತು ನೀರು ಉಳಿಸುವ ಉಪದೇಶದಿಂದ ಶುರುವಾಗಬೇಕಿಲ್ಲ. ಬೋರ್‌ವೆಲ್ ಬತ್ತುವುದನ್ನು ಕಣ್ಣಾರೆ ಕಂಡ ಕೋಲಾರದ ಟೊಮೆಟೊ ಬೆಳೆಗಾರನಿಗೆ ಅದು ಗೊತ್ತಿರುವುದೇ. ಮೋಟಾರ್ ಎಷ್ಟು ಹೊತ್ತು ಓಡಿಸಬೇಕು, ಸಾಲಿನ ಕೊನೆಯ ಗಿಡಕ್ಕೂ ನೀರು ಮುಟ್ಟುತ್ತದೆಯೇ ಎಂಬುದೇ ಅವನ ಪ್ರಶ್ನೆ.

ಹಾಗಾಗಿ ಕ್ಯಾಮೆರಾ ಮೊದಲು ನೆಲದ ಕಡೆ ತಿರುಗುವುದು ಒಳ್ಳೆಯದು. ಡ್ರಿಪ್ಪರ್ ಕೆಳಗಿನ ಮಣ್ಣನ್ನು ಕುಡುಗೋಲಿನಿಂದ ಕೆದಕುತ್ತಾ ರೈತ ಹೀಗೆ ಹೇಳಬಹುದು: “ನೋಡಣ್ಣ, ಮೇಲೆ ಒಂಚೂರು ಜಾಗ ಮಾತ್ರ ಒದ್ದೆ ಕಾಣ್ತದೆ. ಕೆದಕಿದ್ರೆ ಒಳಗೆ ಇನ್ನೂ ಅಗಲಕ್ಕೆ ಹರಡೈತೆ. ಬೇರು ಇರೋದೂ ಅಲ್ಲೇ.” ಮರಳು ಮಣ್ಣಿನಲ್ಲಿ ನೀರು ಹೆಚ್ಚು ಅಗಲವಾಗದೆ ಕೆಳಗಿಳಿಯುತ್ತದೆ, ಜಿಗುಟು ಮಣ್ಣಿನಲ್ಲಿ ಪಕ್ಕಕ್ಕೆ ಹರಡುತ್ತದೆ ಎಂಬ ಮಾತನ್ನೂ ಇಲ್ಲೇ ಸೇರಿಸಬಹುದು.

ಮುಂದಿನದು ಲೆಕ್ಕ. ಸಾಲಿನಿಂದ ಸಾಲಿಗೆ 4 ಅಡಿ, ಡ್ರಿಪ್ಪರ್‌ನಿಂದ ಡ್ರಿಪ್ಪರ್‌ಗೆ 40 ಸೆಂ.ಮೀ. ಇದ್ದರೆ ಒಂದು ಎಕರೆಗೆ ಸುಮಾರು 8,000 ಡ್ರಿಪ್ಪರ್ ಬರುತ್ತವೆ. ಪ್ರತಿಯೊಂದೂ ಗಂಟೆಗೆ 2 ಲೀಟರ್ ಬಿಟ್ಟರೆ ಒಟ್ಟು 16,000 ಲೀಟರ್. ಬೋರ್ ಗಂಟೆಗೆ 8,000 ಲೀಟರ್ ಮಾತ್ರ ಕೊಡುವಾಗ ಇಡೀ ಎಕರೆಗೆ ಒಟ್ಟಿಗೆ ಬಿಟ್ಟರೆ ಒತ್ತಡ ಕುಸಿದು ಕೊನೆಯ ಗಿಡಗಳು ಬಾಡುತ್ತವೆ. “ಎರಡು ಗೇಟ್ ವಾಲ್ವ್ ಹಾಕಿ, ಅರ್ಧರ್ಧ ಎಕರೆ ಬಿಡಣ್ಣ” ಎಂಬ ಒಂದು ಮಾತಿನಲ್ಲಿ ವಿಷಯ ಮುಗಿಯುತ್ತದೆ. ಒಂದೊಂದು ಭಾಗಕ್ಕೆ ಒಂದು ಗಂಟೆ ಬಿಟ್ಟರೆ 4 ಮಿ.ಮೀ. ಮಳೆ ಬಿದ್ದಷ್ಟು ನೀರು. ಎಳೆ ಗಿಡಕ್ಕೆ ಅಷ್ಟು ಬೇಡ. ಕಾಯಿ ಕಟ್ಟುವಾಗ, ಬಿಸಿಲು ಜೋರಾದಾಗ ಅದಕ್ಕಿಂತ ಹೆಚ್ಚೂ ಬೇಕಾದೀತು.

ವಿಡಿಯೊದಲ್ಲಿ ಬಿಡಲೇಬಾರದ ದೃಶ್ಯವೊಂದಿದೆ. ಮೊದಲ ಡ್ರಿಪ್ಪರ್ ಕೆಳಗೊಂದು, ಕೊನೆಯದರ ಕೆಳಗೊಂದು ಲೋಟ ಇಟ್ಟು ಮೂರು ನಿಮಿಷ ಕಾಯುವುದು. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಅಷ್ಟರಲ್ಲಿ 100 ಮಿ.ಲೀ. ಬಿಡಬೇಕು. ಮೊದಲನೆಯದು ಸರಿಯಿದ್ದು ಕೊನೆಯದರಲ್ಲಿ 70 ಬಂದರೆ ಪೈಪ್ ಎಲ್ಲಾದರೂ ಸೋರುತ್ತಿರಬೇಕು, ಇಲ್ಲವೇ ಕೊನೆಯಲ್ಲಿ ಕೆಸರು ಕಟ್ಟಿರಬೇಕು. ಎರಡರಲ್ಲೂ ಕಡಿಮೆ ಬಂದರೆ ಮೊದಲು ಫಿಲ್ಟರ್ ನೋಡಬೇಕು.

ಫಿಲ್ಟರ್‌ನ ಜಾಲರಿ ಬಿಚ್ಚಿ ತೊಳೆಯುವುದನ್ನು, ಸಾಲಿನ ತುದಿಯ ಎಂಡ್ ಕ್ಯಾಪ್ ತೆಗೆದು ಕೆಂಪು ನೀರು ತಿಳಿಯಾಗುವವರೆಗೆ ಹರಿಬಿಡುವುದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಮೇಲು. ಡ್ರಿಪ್ಪರ್ ಬಾಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಗಡಸು ನೀರಿನ ಸುಣ್ಣ; ಬರೀ ನೀರು ಬಿಟ್ಟರೆ ಹೋಗದು, ಆಸಿಡ್ ಬೇಕು. ಅದರ ಪ್ರಮಾಣವನ್ನು ವಿಡಿಯೊದಲ್ಲಿ ಹೇಳಬಾರದು, ಏಕೆಂದರೆ ಅದು ಬೋರಿನಿಂದ ಬೋರಿಗೆ ಬದಲಾಗುತ್ತದೆ. ನೀರು ಪರೀಕ್ಷೆ ಮಾಡಿಸಿ ತೋಟಗಾರಿಕೆ ಇಲಾಖೆಯವರನ್ನು ಕೇಳಿ ಎನ್ನುವುದರ ಜೊತೆಗೆ ಈ ಮಾತು ಇರಲೇಬೇಕು: “ಆಸಿಡ್‌ಗೆ ನೀರು ಹುಯ್ಯಬೇಡಿ, ನೀರಿಗೆ ಆಸಿಡ್ ಹಾಕಿ.”