ರೈತರ ಮೊಬೈಲ್ ಫೋನಿಗೆ ಯಾವ ಬೀಗ ಸೂಕ್ತ?

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿದ ರೈತರ ಹಣ ಈಗ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಚಿಂತಾಮಣಿಯಲ್ಲಿ ಟೊಮೆಟೊ, ಚಿಕ್ಕಬಳ್ಳಾಪುರದಲ್ಲಿ ಹೂವು ಮತ್ತು ದ್ರಾಕ್ಷಿ, ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಮಾರುವವರಲ್ಲಿಯೂ ಅನೇಕರು ಹಣದ ವ್ಯವಹಾರವನ್ನು ಫೋನಿನಲ್ಲಿಯೇ ನಡೆಸುತ್ತಾರೆ. ಹೀಗಾಗಿ ಫೋನಿಗೆ ಹಾಕುವ ಬೀಗವು ಹಣದ ಪೆಟ್ಟಿಗೆಯ ಬೀಗದಷ್ಟೇ ಮುಖ್ಯವಾಗಿದೆ.

ಯು.ಪಿ.ಐ. ಪಿನ್ ಬೇರೆ ಇರುವುದರಿಂದ ಫೋನ್ ತೆರೆದರೂ ಹಣಕ್ಕೆ ಅಪಾಯವಿಲ್ಲವೆಂದು ಹಲವರು ನಂಬಿದ್ದಾರೆ. ಇದು ಪೂರ್ಣ ಸರಿಯಲ್ಲ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿಗಳು, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಹಾಗೂ ಫೋನಿಗೆ ಬರುವ ಒ.ಟಿ.ಪಿ. ಇದ್ದರೆ ಹೊಸ ಯು.ಪಿ.ಐ. ಪಿನ್ ಮಾಡಿಕೊಳ್ಳಬಹುದು. ಕೆಲವು ಬ್ಯಾಂಕುಗಳು ಮಾತ್ರ ಇದರೊಂದಿಗೆ ಎ.ಟಿ.ಎಂ. ಪಿನ್ನನ್ನೂ ಕೇಳುತ್ತವೆ. ನಮ್ಮಲ್ಲಿ ಕಾರ್ಡನ್ನು ಫೋನಿನ ಕವರಿನೊಳಗೇ ಇಟ್ಟುಕೊಳ್ಳುವ ರೂಢಿ ಇದೆ. ಅಂತಹ ಫೋನ್ ಬಸ್ಸಿನಲ್ಲಿ ಕಳೆದುಹೋದರೆ, ಖಾತೆಗೂ ಕಳ್ಳನಿಗೂ ನಡುವೆ ಉಳಿಯುವುದು ಪರದೆಯ ಬೀಗವೊಂದೇ.

ಮೂಲ ಬೀಗ ಮತ್ತು ಮೇಲಿನ ಬೀಗ

ನಾಲ್ಕು ವಿಧಗಳನ್ನು ಹೋಲಿಸುವ ಮೊದಲು ಒಂದು ಅಂಶವನ್ನು ತಿಳಿದಿರಬೇಕು. ಬೆರಳಚ್ಚು ಮತ್ತು ಮುಖಗುರುತು ಸ್ವತಂತ್ರ ಬೀಗಗಳಲ್ಲ. ಮೊದಲು ಪಿನ್, ಪ್ಯಾಟರ್ನ್ ಅಥವಾ ಪಾಸ್‌ವರ್ಡ್ ಹಾಕದೆ ಅವುಗಳನ್ನು ಅಳವಡಿಸಲು ಫೋನ್ ಬಿಡುವುದಿಲ್ಲ. ಫೋನನ್ನು ಆರಿಸಿ ಮತ್ತೆ ಹಚ್ಚಿದಾಗ ಅದು ಮೂಲ ಬೀಗವನ್ನೇ ಕೇಳುತ್ತದೆ. ಬೆರಳು ಹಲವು ಬಾರಿ ತಪ್ಪಿದಾಗಲೂ ಹಾಗೆಯೇ. ಆದ್ದರಿಂದ ಬೆರಳಚ್ಚು ಎಷ್ಟೇ ಉತ್ತಮವಾಗಿದ್ದರೂ ಕೆಳಗಿರುವ ಪಿನ್ 1234 ಆಗಿದ್ದರೆ ಆ ಫೋನಿನ ಭದ್ರತೆ 1234ರಷ್ಟೇ. ರೈತನು ಮೊದಲು ಪಿನ್ ಮತ್ತು ಪ್ಯಾಟರ್ನ್ ನಡುವೆ ಆರಿಸಿ, ನಂತರ ಅದರ ಮೇಲೆ ಬೆರಳು ಅಥವಾ ಮುಖವನ್ನು ಸೇರಿಸಬೇಕೆ ಎಂದು ತೀರ್ಮಾನಿಸಬೇಕು.

ಪ್ಯಾಟರ್ನ್

ಒಂಬತ್ತು ಚುಕ್ಕೆಗಳ ಮೇಲೆ ಗೆರೆ ಎಳೆಯುವ ಈ ವಿಧಾನದಲ್ಲಿ ಒಟ್ಟು 3,89,112 ಗೆರೆಗಳು ಸಾಧ್ಯ. ಆದರೆ ಕೇವಲ 4 ಚುಕ್ಕೆ ಬಳಸಿದರೆ 1,624 ಮಾತ್ರ. ಇದರ ದೊಡ್ಡ ದೋಷವೆಂದರೆ ಗೆರೆಯು ನೋಡುವವರ ಕಣ್ಣಿಗೆ ಚಿತ್ರವಾಗಿ ಉಳಿಯುತ್ತದೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 6 ಚುಕ್ಕೆಗಳ ಪ್ಯಾಟರ್ನನ್ನು ಒಂದೇ ಸಲ ನೋಡಿದವರಲ್ಲಿ ಸುಮಾರು 64 ಪ್ರತಿಶತ ಮಂದಿ ಅದನ್ನು ಮರುಎಳೆದರು. 6 ಅಂಕಿಗಳ ಪಿನ್ ವಿಷಯದಲ್ಲಿ ಈ ಪ್ರಮಾಣ ಸುಮಾರು 11 ಪ್ರತಿಶತ ಮಾತ್ರ. ಮಂಡಿಯ ಹರಾಜಿನ ಗುಂಪಿನಲ್ಲಿ ಪಕ್ಕದವರಿಗೆ ಒಂದು ನೋಟವೇ ಸಾಕು. ಇದಲ್ಲದೆ, ಬೆವರು ಅಥವಾ ಎಣ್ಣೆ ಕೈಯ ಜಾಡು ಗಾಜಿನ ಮೇಲೆ ಉಳಿಯುತ್ತದೆ. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ರೈತರು ತಮ್ಮದೇ ಗೆರೆಯನ್ನು ಕಾಣಬಹುದು.

ಪಿನ್

4 ಅಂಕಿಗಳಲ್ಲಿ 10,000 ಪಿನ್‌ಗಳು ಸಾಧ್ಯ, 6 ಅಂಕಿಗಳಲ್ಲಿ 10 ಲಕ್ಷ. ಐದು ಸಲ ತಪ್ಪಿದರೆ ಸಾಮಾನ್ಯವಾಗಿ ಫೋನ್ 30 ಸೆಕೆಂಡು ಕಾಯಿಸುತ್ತದೆ, ಮುಂದೆ ತಪ್ಪಿದಂತೆಲ್ಲ ಕಾಯುವ ಅವಧಿ ಹೆಚ್ಚುತ್ತದೆ. ಎಲ್ಲವನ್ನೂ ಒತ್ತಿ ನೋಡುವುದು ಕಳ್ಳನಿಗೆ ಸುಲಭವಲ್ಲ. ಆದರೆ ಪಿನ್ ಹುಟ್ಟಿದ ವರ್ಷವಾಗಿದ್ದರೆ 1950ರಿಂದ 2010ರವರೆಗೆ ಊಹಿಸಬೇಕಾದದ್ದು 61 ಮಾತ್ರ. ಪರಿಚಯಸ್ಥರಿಗೆ ಅಷ್ಟೂ ಬೇಡ. ಹುಟ್ಟಿದ ವರ್ಷ, ದ್ವಿಚಕ್ರ ವಾಹನದ ಸಂಖ್ಯೆ, ಫೋನ್ ಸಂಖ್ಯೆಯ ಕೊನೆಯ ಅಂಕಿಗಳು ಇವು ಮೂರನ್ನೂ ಬಿಡಬೇಕು. ಯು.ಪಿ.ಐ. ಪಿನ್ನನ್ನೇ ಪರದೆಗೂ ಇಡಕೂಡದು.

ಬೆರಳಚ್ಚು

ಪಕ್ಕದವರು ನೋಡಿ ಕದಿಯಲಾಗದ್ದು ಇದರ ಗುಣ. ಗುಂಪಿನಲ್ಲಿ ಪಿನ್ ಒತ್ತುವ ಪ್ರಸಂಗವನ್ನೇ ಇದು ಕಡಿಮೆ ಮಾಡುತ್ತದೆ. ದುಡಿಯುವ ಕೈಗಳಲ್ಲಿ ಮಾತ್ರ ತೊಡಕುಂಟು. ಹಿಪ್ಪುನೇರಳೆ ಸೊಪ್ಪು ಬಿಡಿಸುವಾಗ ಹೆಬ್ಬೆರಳು ಮತ್ತು ತೋರುಬೆರಳು ಸವೆಯುತ್ತವೆ. ಹುಳು ಮನೆಯ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಚರ್ಮವನ್ನು ಒಣಗಿಸುತ್ತವೆ. ನೂಲು ಬಿಚ್ಚುವವರ ಬೆರಳುಗಳು ಬಿಸಿನೀರಿನಲ್ಲಿ ನೆನೆದು ಸುಲಿಯುತ್ತವೆ. ಗೆರೆಗಳು ಅಳಿಸಿದ ಬೆರಳನ್ನು ಫೋನ್ ಗುರುತಿಸುವುದಿಲ್ಲ. ಪರದೆಯ ಮೇಲೆ ಅಂಟಿಸುವ ಕವಚದ ಬಗೆಗೂ ಎಚ್ಚರ ಬೇಕು. 2019ರಲ್ಲಿ ಒಂದು ಪ್ರಸಿದ್ಧ ಕಂಪನಿಯ ಕೆಲವು ಫೋನುಗಳು ಸಿಲಿಕೋನ್ ಕವಚ ಹಾಕಿದಾಗ ಬೇರೆಯವರ ಬೆರಳಿಗೂ ತೆರೆದುಕೊಂಡವು. ಕಂಪನಿ ನಂತರ ಇದನ್ನು ಸರಿಪಡಿಸಿತು. ಹೊಸ ಕವಚ ಅಂಟಿಸಿದ ಮೇಲೆ ಹಳೆಯ ಬೆರಳಚ್ಚುಗಳನ್ನು ಅಳಿಸಿ ಮತ್ತೆ ದಾಖಲಿಸಿ, ಮನೆಯ ಬೇರೊಬ್ಬರ ಬೆರಳಿಗೆ ತೆರೆಯುವುದಿಲ್ಲವೆಂದು ನೋಡಿಕೊಳ್ಳುವುದು ಒಳ್ಳೆಯದು.

ಮುಖಗುರುತು

ಮುಖದ ಉಬ್ಬುತಗ್ಗುಗಳನ್ನು ಅಳೆಯುವ ವಿಶೇಷ ಸಾಧನವಿರುವ ದುಬಾರಿ ಫೋನುಗಳಲ್ಲಿ ಇದು ಭದ್ರವಾಗಿರುತ್ತದೆ. ಕಡಿಮೆ ಬೆಲೆಯ ಬಹುಪಾಲು ಫೋನುಗಳಲ್ಲಿ ಮುಂದಿನ ಕ್ಯಾಮೆರಾ ತೆಗೆಯುವ ಸಾಧಾರಣ ಚಿತ್ರವೇ ಆಧಾರ. ಇಂತಹವುಗಳಲ್ಲಿ ಕೆಲವು ಭಾವಚಿತ್ರಕ್ಕೂ, ಹೋಲುವ ಅಣ್ಣತಮ್ಮಂದಿರ ಮುಖಕ್ಕೂ ತೆರೆದುಕೊಳ್ಳುತ್ತವೆ. ಪರೀಕ್ಷೆ ಸುಲಭ. ಇನ್ನೊಂದು ಫೋನಿನಲ್ಲಿ ತಮ್ಮ ಮುಖದ ಚಿತ್ರವನ್ನು ದೊಡ್ಡದಾಗಿ ತೋರಿಸಬೇಕು. ನಂತರ ಕಣ್ಣು ಮುಚ್ಚಿಕೊಂಡು ಫೋನನ್ನು ಮುಖಕ್ಕೆ ಹಿಡಿಯಬೇಕು. ಎರಡರಲ್ಲಿ ಒಂದಕ್ಕೆ ತೆರೆದರೂ ಆ ಸೌಲಭ್ಯವನ್ನು ತೆಗೆದುಹಾಕುವುದೇ ಸರಿ. ತೆರೆಯದಿದ್ದ ಮಾತ್ರಕ್ಕೆ ಪೂರ್ಣ ಭದ್ರವೆಂದು ತಿಳಿಯಬಾರದು.

ಒಂದು ಉದಾಹರಣೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಯಜಮಾನರ ಫೋನಿಗೆ 4 ಚುಕ್ಕೆಗಳ ಪ್ಯಾಟರ್ನ್ ಇದ್ದು, ಮನೆಯವರಿಗೆಲ್ಲ ಅದು ಗೊತ್ತು. ಬಲಗೈ ಹೆಬ್ಬೆರಳನ್ನು ದಾಖಲಿಸಿದ್ದಾರೆ. ಐದನೆಯ ಹಂತದ ಹುಳುಗಳಿಗೆ ಸೊಪ್ಪು ಒದಗಿಸುವ ದಿನಗಳಲ್ಲಿ ಬೆರಳು ನಡೆಯುವುದಿಲ್ಲ. ಆಗ ಎಲ್ಲರೆದುರು ದಿನಕ್ಕೆ ಹತ್ತಾರು ಸಲ ಪ್ಯಾಟರ್ನ್ ಎಳೆಯುತ್ತಾರೆ. ಗೂಡು ಮಾರಿ ಹಣ ಬರುವುದು ಇದಾದ ಕೆಲವೇ ದಿನಗಳಿಗೆ. ಖಾತೆ ತುಂಬುವ ವೇಳೆಗೆ ಬೀಗ ಹತ್ತು ಮಂದಿ ಕಂಡದ್ದಾಗಿರುತ್ತದೆ.

ಇವರಿಗೆ ಸಲಹೆ ಹೀಗಿದೆ. Settings ಒಳಗೆ Screen lock ತೆರೆದು ಪ್ಯಾಟರ್ನ್ ಬದಲು 6 ಅಂಕಿಗಳ ಪಿನ್ ಹಾಕಬೇಕು. ಹೆಬ್ಬೆರಳಿನ ಬದಲು ಕೆಲಸಕ್ಕೆ ಕಡಿಮೆ ಬಳಸುವ ಎಡಗೈ ಉಂಗುರದ ಬೆರಳನ್ನು, ಕೈ ತೊಳೆದು ಒರೆಸಿಕೊಂಡು, ತುದಿ ಹಾಗೂ ಅಂಚುಗಳೂ ಮುಟ್ಟುವಂತೆ ದಾಖಲಿಸಬೇಕು. ಫೋನ್ ಒಪ್ಪಿದರೆ ಅದೇ ಬೆರಳನ್ನು ಸಂಜೆಯ ಕೆಲಸ ಮುಗಿದ ಮೇಲೆ ಎರಡನೆಯ ಬಾರಿ ದಾಖಲಿಸಬಹುದು. ಬಳಿಕ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಪರೀಕ್ಷಿಸಿ, ಹತ್ತಕ್ಕೆ ಏಳಕ್ಕಿಂತ ಕಡಿಮೆ ತೆರೆದರೆ ಬೆರಳಚ್ಚನ್ನು ಬಿಟ್ಟು ಪಿನ್ ಒಂದನ್ನೇ ಇಟ್ಟುಕೊಳ್ಳುವುದು ಉತ್ತಮ. ಬಿಸಿನೀರಿನಲ್ಲಿ ನೂಲು ಬಿಚ್ಚುವವರು ಮೊದಲಿನಿಂದಲೇ ಪಿನ್ ನೆಚ್ಚಿಕೊಳ್ಳಬಹುದು. ಪ್ಯಾಟರ್ನನ್ನೇ ಬಯಸುವವರು ಕನಿಷ್ಠ 6 ಚುಕ್ಕೆ ಬಳಸಿ, Make pattern visible ಎಂಬುದನ್ನು ಆರಿಸಿಡಬೇಕು.

ಬೀಗ ಕಾಯಲಾಗದ್ದು

ಬೀಗ ಹಾಕಿದ ಪರದೆಯ ಮೇಲೆಯೇ ಸಂದೇಶ ಕಾಣುವಂತಿದ್ದರೆ ಒ.ಟಿ.ಪಿ.ಯನ್ನು ಯಾರಾದರೂ ಓದಬಹುದು. ಆದ್ದರಿಂದ ಪರದೆಯ ಮೇಲೆ ಸಂದೇಶದ ಒಳವಿಷಯ ಕಾಣದಂತೆ ಮಾಡಬೇಕು. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಪರದೆಯ ಬೀಗದಿಂದ ಪ್ರಯೋಜನವಿಲ್ಲ. ಕಾರ್ಡನ್ನು ಫೋನಿನ ಕವರಿನಿಂದ ತೆಗೆದು ಬೇರೆಡೆ ಇಡಬೇಕೆನ್ನುವುದು ಇದೇ ಕಾರಣಕ್ಕೆ. ಫೋನ್ ಕಳೆದ ಕೂಡಲೇ ಸಿಮ್ ಕಂಪನಿಗೆ ತಿಳಿಸಿ ಸಿಮ್ ನಿಲ್ಲಿಸಬೇಕು, ನಂತರ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿರುವುದು ಕಂಡರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಈ ಸಂಖ್ಯೆಗಳನ್ನು ಫೋನಿನಲ್ಲಿ ಮಾತ್ರವಲ್ಲದೆ ಮನೆಯ ಪಾಸ್‌ಬುಕ್ಕಿನ ಹಿಂಬದಿಯಲ್ಲಿಯೂ ಬರೆದಿಟ್ಟುಕೊಳ್ಳುವುದು ಅವಶ್ಯ.