‘ತತ್ಸಮಾನ’ ಸಿಮೆಂಟ್‌ಗೆ 28 ದಿನಗಳ ಪರೀಕ್ಷೆ

ಸ್ಲ್ಯಾಬ್ ಹಾಕುವ ಹೊತ್ತಿಗೆ ಟೆಂಡರ್‌ನಲ್ಲಿ ಹೆಸರಿಸಿದ ಸಿಮೆಂಟ್ ಸಿಗದೆ ಹೋಗುವುದುಂಟು. ಆಗ ಗುತ್ತಿಗೆದಾರರ ಕಣ್ಣು ಟೆಂಡರ್‌ನಲ್ಲಿರುವ ‘ಅಥವಾ ತತ್ಸಮಾನ’ ಎಂಬ ಮಾತಿನ ಮೇಲೆ ಬೀಳುತ್ತದೆ. ಆದರೆ ಬೇರೆ ಬ್ರ್ಯಾಂಡ್ ತತ್ಸಮಾನ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಎಂಜಿನಿಯರ್. ಅದಕ್ಕೆ ಪುರಾವೆ ಒದಗಿಸುವ ಹೊಣೆ ಗುತ್ತಿಗೆದಾರರದು.

ಒಂದು ಹಾಸ್ಟೆಲ್ ಕಟ್ಟಡದ ಉದಾಹರಣೆ ತೆಗೆದುಕೊಳ್ಳೋಣ. ನಿಗದಿಯಾಗಿದ್ದು 43 ಗ್ರೇಡ್ ಓಪಿಸಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್. ಅದೇ ಗ್ರೇಡಿನ ಬೇರೆ ಬ್ರ್ಯಾಂಡಿಗೆ ಗುತ್ತಿಗೆದಾರರು ಅನುಮತಿ ಕೇಳುತ್ತಾರೆ. ಅರ್ಜಿಯ ಜೊತೆ ಕಂಪನಿಯ ಬಣ್ಣದ ಕೈಪಿಡಿಯನ್ನಷ್ಟೇ ಇಟ್ಟರೆ ಅದು ಪುರಾವೆ ಆಗುವುದಿಲ್ಲ.

ಮೊದಲು ನೋಡಬೇಕಾದದ್ದು ಚೀಲ. ಅದರ ಮೇಲೆ ಐಎಸ್‌ಐ ಗುರುತು, CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆ, ತಯಾರಾದ ವಾರ ಮತ್ತು ವರ್ಷ ಇರುತ್ತವೆ. ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನು BIS Care ಆ್ಯಪ್‌ನಲ್ಲಿ ನೋಡಬಹುದು. ಕಾರ್ಖಾನೆಯ ಪರೀಕ್ಷಾ ಪತ್ರದಲ್ಲಿರುವ ವಾರವೂ ಚೀಲದ ಮೇಲಿನ ವಾರವೂ ಒಂದೇ ಆಗಿರಬೇಕು. ಹೊಂದದಿದ್ದರೆ ಆ ಪತ್ರ ಬೇರೆ ಯಾವುದೋ ಸಿಮೆಂಟಿನದು.

ನಂತರ ಎರಡೂ ಕಡೆಯವರ ಎದುರಲ್ಲೇ ಮಾದರಿ ತೆಗೆದು, ಮೊಹರು ಹಾಕಿ, ಸ್ವತಂತ್ರ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ 1 ಪಾಲು ಸಿಮೆಂಟಿಗೆ 3 ಪಾಲು ಪ್ರಮಾಣಿತ ಮರಳು ಬೆರೆಸಿ ಸಣ್ಣ ಘನಗಳನ್ನು ಮಾಡಿ ಒತ್ತಿ ಒಡೆಯುತ್ತಾರೆ. ಐಎಸ್ 269ರ ಪ್ರಕಾರ 43 ಗ್ರೇಡ್ ಸಿಮೆಂಟ್ 3 ದಿನಕ್ಕೆ ಕನಿಷ್ಠ 23, 7 ದಿನಕ್ಕೆ 33, 28 ದಿನಕ್ಕೆ 43 ಎಂಪಿಎ ಒತ್ತಡ ತಡೆಯಬೇಕು. ಇದೇ ಸಿಮೆಂಟನ್ನು ಸೈಟಿನ ಜಲ್ಲಿ, ಮರಳು, ಅಡ್ಮಿಕ್ಸ್ಚರ್ ಜೊತೆ ಬೆರೆಸಿ ಟ್ರಯಲ್ ಮಿಕ್ಸ್ ಕೂಡ ಮಾಡಬೇಕು. ಮಾನದಂಡ ಮುಟ್ಟಿದ ಎರಡು ಸಿಮೆಂಟ್‌ಗಳೂ ಒಂದೇ ಅಡ್ಮಿಕ್ಸ್ಚರ್ ಜೊತೆ ಬೇರೆಬೇರೆ ರೀತಿ ವರ್ತಿಸಬಹುದು. ಕಾಂಕ್ರೀಟ್ ಬೇಗ ಬಿಗಿಯಾದರೆ ಪಂಪಿನ ಪೈಪಿನಲ್ಲೇ ಅದು ಗೊತ್ತಾಗುತ್ತದೆ.

ಹೆಚ್ಚು ಮಂದಿ ಎಡವುವುದು ಇನ್ನೊಂದು ಕಡೆ. ಓಪಿಸಿ ಬದಲು ಹಾರುಬೂದಿ ಬೆರೆತ ಪಿಪಿಸಿ ಕೊಟ್ಟು, ‘ಇದೂ ಸಿಮೆಂಟೇ’ ಎನ್ನುವುದು. ಪಿಪಿಸಿ ಒಳ್ಳೆಯ ಸಿಮೆಂಟೇ, ಆದರೆ ಅದಕ್ಕೆ 28 ದಿನಕ್ಕೆ ನಿಗದಿಯಾದ ಕನಿಷ್ಠ ಬಲ 33 ಎಂಪಿಎ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಐಎಸ್ 456ರ ಪ್ರಕಾರ ಓಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಸಾಕಾದರೆ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ಬೇಕು. ಸೆಂಟ್ರಿಂಗ್ ಬಿಚ್ಚುವ ದಿನವನ್ನೂ ಮುಂದೆ ಹಾಕಬೇಕಾಗುತ್ತದೆ. ಹೀಗಾಗಿ ಇದು ಬರೀ ಬ್ರ್ಯಾಂಡ್ ಬದಲಾವಣೆಯಲ್ಲ, ವಿನ್ಯಾಸಕಾರರನ್ನು ಕೇಳಿಯೇ ಮಾಡಬೇಕಾದ ಬದಲಾವಣೆ.

ಆದ್ದರಿಂದ ಅರ್ಜಿಯಲ್ಲಿ ಒಂದು ಸರಳ ಪಟ್ಟಿ ಇರಲಿ: ನಿಗದಿಯಾದದ್ದು, ಕೊಡುತ್ತಿರುವುದು, ಪರೀಕ್ಷೆಯಲ್ಲಿ ಬಂದದ್ದು. ಬದಲಿಗೆ ಕಾರಣ ಮತ್ತು ದರದ ವ್ಯತ್ಯಾಸವನ್ನೂ ಅದರಲ್ಲೇ ಬರೆಯಬೇಕು. ಘನಗಳಿಗೇ 28 ದಿನ ಬೇಕಾಗುವುದರಿಂದ ಕಾಂಕ್ರೀಟ್ ಹಾಕುವ ಆರು ವಾರ ಮೊದಲೇ ಅರ್ಜಿ ಹಾಕಿ, ಲಿಖಿತ ಒಪ್ಪಿಗೆ ಬರುವವರೆಗೆ ಹೊಸ ಚೀಲಗಳನ್ನು ಬೇರೆಯಾಗಿ ಪೇರಿಸಿಡಿ.