ಕಂತಿನಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬಡ್ಡಿಯ ಮಾತು ಬಂದರೆ ‘ನೂರಕ್ಕೆ ಒಂದು ರೂಪಾಯಿ’ ಎನ್ನುವುದು ವಾಡಿಕೆ. ಅಂದರೆ ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 12. ಆದರೆ ಈ ಒಂದು ರೂಪಾಯಿ ಯಾವ ಮೊತ್ತದ ಮೇಲೆ ಅಂತ ನೀವು ಕೇಳಿದ್ದೀರಾ?

ಕೊಟ್ಟೂರಿನ ಗೃಹಿಣಿಯೊಬ್ಬರು ಹೊಲಿಗೆ ಅಂಗಡಿಗೆಂದು 1 ಲಕ್ಷ ರೂ. ಸಾಲ ತೆಗೆದರು ಎಂದುಕೊಳ್ಳಿ. ಬಡ್ಡಿ ಶೇ. 12, ಅವಧಿ 24 ತಿಂಗಳು. ಕಂತು 4,707 ರೂ. ಎರಡು ವರ್ಷವೂ ಇಷ್ಟೇ ಕಟ್ಟಬೇಕು. ಆದರೆ ಒಳಗಿನ ಪಾಲು ಪ್ರತಿ ತಿಂಗಳೂ ಬದಲಾಗುತ್ತದೆ.

ಮೊದಲ ತಿಂಗಳು ಬಾಕಿ 1 ಲಕ್ಷ. ಅದರ ಬಡ್ಡಿ 1,000 ರೂ. ಕಂತಿನಲ್ಲಿ ಉಳಿದ 3,707 ರೂ. ಮಾತ್ರ ಅಸಲಿಗೆ. ಈಗ ಬಾಕಿ 96,293 ರೂ. ಎರಡನೇ ತಿಂಗಳು ಇದಕ್ಕಷ್ಟೇ ಬಡ್ಡಿ, 963 ರೂ. ಅಸಲಿಗೆ 3,744 ರೂ. ಹೀಗೆ ಬಡ್ಡಿ ಇಳಿಯುತ್ತಾ, ಅಸಲು ಏರುತ್ತಾ ಹೋಗಿ ಕೊನೆಯ ಕಂತಿನಲ್ಲಿ ಬಡ್ಡಿ ಬರೀ 47 ರೂ. ಒಟ್ಟು ಬಡ್ಡಿ ಸುಮಾರು 12,976 ರೂ.

ಒಂದು ವರ್ಷ ಕಟ್ಟಿದ ಮೇಲೆ ‘ಅರ್ಧ ಸಾಲ ತೀರಿತು’ ಅಂದುಕೊಳ್ಳಬೇಡಿ. ಆಗಲೂ ಬಾಕಿ ಸುಮಾರು 52,981 ರೂ. ಇರುತ್ತದೆ. ಬಡ್ಡಿಯ ಹೆಚ್ಚಿನ ಪಾಲು, ಸುಮಾರು 9,469 ರೂ., ಮೊದಲ ವರ್ಷವೇ ಹೋಗಿರುತ್ತದೆ. ಆದ್ದರಿಂದ ಕೈಯಲ್ಲಿ ಹೆಚ್ಚುವರಿ ಹಣ ಬಂದರೆ ಶುರುವಿನಲ್ಲೇ ಅಸಲಿಗೆ ಕಟ್ಟಿದಷ್ಟೂ ಲಾಭ. ಕೊನೆಯ ಕೆಲವು ತಿಂಗಳಲ್ಲಿ ಕಟ್ಟಿದರೆ ಉಳಿಯುವುದು ಅತ್ಯಲ್ಪ. ಮುಂಚಿತ ಪಾವತಿಗೆ ಶುಲ್ಕವಿದೆಯೇ ಎಂದೂ ಮೊದಲೇ ಕೇಳಿ.

ಎಚ್ಚರ ಬೇಕಾದ ಜಾಗವೊಂದಿದೆ. ಕೆಲವರು ಅದೇ ಶೇ. 12 ಎನ್ನುತ್ತಾರೆ, ಆದರೆ ಕೊನೆಯವರೆಗೂ ಪೂರ್ತಿ 1 ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಇದಕ್ಕೆ ‘ಫ್ಲ್ಯಾಟ್’ ಬಡ್ಡಿ ಎನ್ನುತ್ತಾರೆ. ಆಗ ಕಂತು 5,167 ರೂ., ಒಟ್ಟು ಬಡ್ಡಿ 24,000 ರೂ. ನೀವು ತೀರಿಸಿದ ಹಣಕ್ಕೂ ಬಡ್ಡಿ ತೆತ್ತಂತಾಯಿತು! ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ನಿಜಕ್ಕೂ ಶೇ. 21ಕ್ಕೂ ಹೆಚ್ಚು.

ಪತ್ತೆ ಹಚ್ಚುವುದು ಸುಲಭ. ಕಂತಿನ ಪಟ್ಟಿ ಕೇಳಿ, ಬಡ್ಡಿಯ ಕಾಲಂ ಮೇಲಿನಿಂದ ಕೆಳಕ್ಕೆ ಓದಿ. ಅಂಕಿ ಇಳಿಯುತ್ತಾ ಹೋದರೆ ಬಡ್ಡಿ ಬಾಕಿಯ ಮೇಲೆ. ಎಲ್ಲಾ ಸಾಲಿನಲ್ಲೂ ಒಂದೇ ಅಂಕಿ ಇದ್ದರೆ ಫ್ಲ್ಯಾಟ್.

ಪಟ್ಟಿ ಕೇಳಲು ಸಂಕೋಚ ಬೇಡ. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಹೊಸ ವೈಯಕ್ತಿಕ ಸಾಲಕ್ಕೆ, ಸಣ್ಣ ಉದ್ಯಮದ ಸಾಲಕ್ಕೆ ಮುಖ್ಯಾಂಶಗಳ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಶುಲ್ಕಗಳೂ ಸೇರಿದ ವಾರ್ಷಿಕ ದರ, ಕಂತಿನ ಪಟ್ಟಿ ಅದರಲ್ಲಿರಬೇಕು. ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಸಹಿ ಹಾಕುವ ಮೊದಲೇ ಅದನ್ನು ಕೈಗೆ ತೆಗೆದುಕೊಳ್ಳಿ.